ಎಲ್‌ಎನ್‌ಎ ಮೇಲಿರಬೇಕಾ, ಕೆಳಗಿರಬೇಕಾ? ರೇಡಿಯೊ ರಿಸೀವರ್‌ನ ನಾಯ್ಸ್ ಫಿಗರ್ ಬಗ್ಗೆ ಒಂದು ಮಾತು

ಒಂದು ಲೆಕ್ಕದಿಂದ ಶುರು ಮಾಡೋಣ. ಎಸ್‌ಒ-50 ಅಂತ ಒಂದು ಪುಟ್ಟ ಹವ್ಯಾಸಿ ಉಪಗ್ರಹ ಇದೆ. 2002ರ ಡಿಸೆಂಬರ್‌ನಲ್ಲಿ ಹಾರಿಸಿದ್ದು. ಅದು ಭೂಮಿಯ ಕಡೆಗೆ 436.795 ಮೆಗಾಹರ್ಟ್ಝ್‌ನಲ್ಲಿ ಎಫ್‌ಎಂ ಧ್ವನಿ ಕಳಿಸುತ್ತದೆ. ಅದರ ಟ್ರಾನ್ಸ್‌ಮಿಟರ್‌ನ ಶಕ್ತಿ ಕಾಲು ವ್ಯಾಟ್ ಅಷ್ಟೇ. ನಮ್ಮ ತಲೆಯ ಮೇಲೆ ಹಾದು ಹೋಗುವಾಗ ಅದು ಸುಮಾರು 700 ಕಿಲೋಮೀಟರ್ ದೂರ ಇರುತ್ತದೆ ಅಂತ ಇಟ್ಟುಕೊಳ್ಳಿ.

ನಿಮ್ಮ ಮನೆಯ ಟೆರೇಸ್ ಮೇಲೆ ಒಂದು ಸಾದಾ ಆಂಟೆನಾ ಇದೆ. ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಸಮ ಕೇಳಿಸಿಕೊಳ್ಳುವಂಥದ್ದು, ಅಂದರೆ ಅದರ ಗೇನ್, ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಸೊನ್ನೆ ಡಿಬಿ. ಡಿಬಿ ಅನ್ನುವುದು ಎಷ್ಟು ಪಟ್ಟು ಅನ್ನುವುದರ ಅಳತೆ. 10 ಡಿಬಿ ಅಂದರೆ ಹತ್ತು ಪಟ್ಟು, 20 ಡಿಬಿ ಅಂದರೆ ನೂರು ಪಟ್ಟು, ಸೊನ್ನೆ ಡಿಬಿ ಅಂದರೆ ಇದ್ದಷ್ಟೇ. ಅಲ್ಲಿಂದ 15 ಮೀಟರ್ ಆರ್‌ಜಿ-58 ಕೇಬಲ್ ಗೋಡೆ ಇಳಿದು, ಕಿಟಕಿಯಲ್ಲಿ ನುಸುಳಿ, ನಿಮ್ಮ ಮೇಜಿನ ಮೇಲಿನ ಎಸ್‌ಡಿಆರ್ ಡಾಂಗಲ್‌ಗೆ, ಅಂದರೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ರಿಸೀವರ್‌ಗೆ, ಬಂದು ಸೇರುತ್ತದೆ. ಉಪಗ್ರಹ ತಲೆಯ ಮೇಲೇ ಇದೆ. ಆದರೂ ಲ್ಯಾಪ್‌ಟಾಪಿನಲ್ಲಿ ಬರೀ ಸರ್ ಅನ್ನುವ ಸದ್ದು. ಆಗ ನೀವು ಒಂದು ಎಲ್‌ಎನ್‌ಎ ಕೊಳ್ಳುತ್ತೀರಿ. ಲೋ ನಾಯ್ಸ್ ಆಂಪ್ಲಿಫೈಯರ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದನ್ನು ಎಲ್ಲಿ ಜೋಡಿಸುತ್ತೀರಿ? ಮೇಜಿನ ಮೇಲೆ, ಡಾಂಗಲ್ ಪಕ್ಕ? ಅಥವಾ ಏಣಿ ಹತ್ತಿ, ಮೇಲೆ, ಆಂಟೆನಾದ ಬುಡದಲ್ಲಿ?

ಅದೇ ಎಲ್‌ಎನ್‌ಎ, ಅದೇ ಕೇಬಲ್, ಅದೇ ಡಾಂಗಲ್. ಜೋಡಿಸುವ ಕ್ರಮ ಮಾತ್ರ ಬೇರೆ. ಒಂದು ಕ್ರಮದಲ್ಲಿ ಉಪಗ್ರಹ ಸ್ಪಷ್ಟವಾಗಿ ಕೇಳಿಸುತ್ತದೆ, ಇನ್ನೊಂದರಲ್ಲಿ ಗೊರಗೊರ ಅನ್ನುತ್ತದೆ. ಯಾಕೆ ಹೀಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಸಿಗ್ನಲ್ ಸಣ್ಣದಾಗಿದೆ, ಅದಕ್ಕೇ ಕೇಳಿಸುತ್ತಿಲ್ಲ, ದೊಡ್ಡದು ಮಾಡಿದರೆ ಸರಿಹೋಗುತ್ತದೆ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಸಣ್ಣದಾಗಿರುವುದು ತೊಂದರೆಯೇ ಅಲ್ಲ. ಈಗಿನ ಕಾಲದಲ್ಲಿ ಗೇನ್ ಅಗ್ಗ. ಹತ್ತು ಲಕ್ಷ ಪಟ್ಟು ದೊಡ್ಡದು ಮಾಡುವುದು ಕಷ್ಟವಲ್ಲ. ಆದರೆ ಸಿಗ್ನಲ್ ಜೊತೆ ಬಂದ ನಾಯ್ಸ್ ಕೂಡ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಕಿವಿಗೆ ಮಾತು ಅರ್ಥವಾಗಬೇಕಾದರೆ ಸಿಗ್ನಲ್ ಎಷ್ಟಿದೆ ಅನ್ನುವುದಲ್ಲ, ನಾಯ್ಸ್‌ಗಿಂತ ಎಷ್ಟು ಮೇಲಿದೆ ಅನ್ನುವುದು ಮುಖ್ಯ. ಎಫ್‌ಎಂ ಧ್ವನಿಗೆ ಈ ಅಂತರ ಸುಮಾರು 10 ಡಿಬಿ ಬೇಕು. ಅದಕ್ಕಿಂತ ಕೆಳಗಿಳಿದರೆ ಸ್ವಲ್ಪಸ್ವಲ್ಪವೇ ಮಸುಕಾಗುವುದಿಲ್ಲ, ಬೇಗ ಒಡೆದುಹೋಗುತ್ತದೆ. ಎಫ್‌ಎಂನ ಸ್ವಭಾವ ಅದು.

ಈ ನಾಯ್ಸ್ ಎಲ್ಲಿಂದ ಬರುತ್ತದೆ? ಯಾವುದೇ ರೆಸಿಸ್ಟರ್ ತಗೊಳ್ಳಿ. ಅದಕ್ಕೆ ಬ್ಯಾಟರಿ ಬೇಡ, ಏನೂ ಬೇಡ. ಅದು ಬೆಚ್ಚಗಿದೆ ಅನ್ನುವ ಒಂದೇ ಕಾರಣಕ್ಕೆ ಅದರೊಳಗಿನ ಎಲೆಕ್ಟ್ರಾನ್‌ಗಳು ಚಡಪಡಿಸುತ್ತಿರುತ್ತವೆ. ಆ ಚಡಪಡಿಕೆಯೇ ತುದಿಗಳಲ್ಲಿ ಸಣ್ಣ ವೋಲ್ಟೇಜ್ ಆಗಿ ಕಾಣಿಸಿಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ಸನ್ ಅನ್ನುವವರು ಇದನ್ನು ಅಳೆದರು. ಅಲ್ಲೇ ಇದ್ದ ನೈಕ್ವಿಸ್ಟ್ ಇದಕ್ಕೆ ಸೂತ್ರ ಕೊಟ್ಟರು. ಇಬ್ಬರ ಬರಹವೂ 1928ರಲ್ಲಿ ಪ್ರಕಟವಾಯಿತು. ಸೂತ್ರ ತುಂಬಾ ಸರಳ.

```
P = k × T × B
```

ಬೋಲ್ಟ್ಸ್‌ಮನ್ ಸ್ಥಿರಾಂಕ, ಕೆಲ್ವಿನ್‌ನಲ್ಲಿ ತಾಪಮಾನ, ಬ್ಯಾಂಡ್‌ವಿಡ್ತ್. ಮೂರನ್ನು ಗುಣಿಸಿದರೆ ನಾಯ್ಸ್ ಶಕ್ತಿ. ರೆಸಿಸ್ಟರ್ ಎಷ್ಟು ಓಮ್ ಅನ್ನುವುದು ಇದರಲ್ಲಿ ಇಲ್ಲವೇ ಇಲ್ಲ, ಗಮನಿಸಿ. ಲೆಕ್ಕಕ್ಕೆ ಒಂದು ತಾಪಮಾನ ಬೇಕಲ್ಲ, ಅದಕ್ಕೆ 290 ಕೆಲ್ವಿನ್ ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ಅಂದರೆ 17 ಡಿಗ್ರಿ ಸೆಲ್ಸಿಯಸ್. ಆ ತಾಪಮಾನದಲ್ಲಿ ಒಂದು ಹರ್ಟ್ಝ್ ಅಗಲಕ್ಕೆ ನಾಯ್ಸ್ −174 ಡಿಬಿಎಂ. ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಹೇಳಿದ ಡಿಬಿ. ನಮ್ಮ ಎಫ್‌ಎಂ ಚಾನೆಲ್ ಸುಮಾರು 15 ಕಿಲೋಹರ್ಟ್ಝ್ ಅಗಲ, ಅದಕ್ಕೆ ಇನ್ನೊಂದು 42 ಡಿಬಿ ಸೇರಿಸಿ. ಒಟ್ಟು −132 ಡಿಬಿಎಂ.

ಈಗ ಉಪಗ್ರಹದ ಕಡೆ ಬನ್ನಿ. ಕಾಲು ವ್ಯಾಟ್ ಅಂದರೆ +24 ಡಿಬಿಎಂ. 700 ಕಿಲೋಮೀಟರ್ ದಾರಿಯಲ್ಲಿ 437 ಮೆಗಾಹರ್ಟ್ಝ್ ಸಿಗ್ನಲ್ 142 ಡಿಬಿ ಕಳೆದುಕೊಳ್ಳುತ್ತದೆ. ಉಳಿದದ್ದು −118 ಡಿಬಿಎಂ. ನಾಯ್ಸ್‌ಗಿಂತ 14 ಡಿಬಿ ಮೇಲೆ. ಬೇಕಾಗಿದ್ದದ್ದು 10. ಹಾಗಾದರೆ ಕೇಳಿಸಬೇಕಲ್ವಾ? ಹೌದು, ಆಂಟೆನಾದ ನಂತರ ಇರುವ ಯಾವ ಸರ್ಕ್ಯೂಟೂ ತನ್ನ ಕಡೆಯಿಂದ ನಾಯ್ಸ್ ಸೇರಿಸದಿದ್ದರೆ ಕೇಳಿಸಬೇಕು. ನಮ್ಮ ಕೈಯಲ್ಲಿರುವ ಉಳಿತಾಯ ಬರೀ 4 ಡಿಬಿ. ಇದನ್ನು ಎಲ್ಲಿ ಖರ್ಚು ಮಾಡುತ್ತೇವೆ ಅನ್ನುವುದೇ ಪ್ರಶ್ನೆ.

ಪ್ರತಿ ಹಂತವೂ ಎಷ್ಟು ಕೆಡಿಸುತ್ತದೆ ಅನ್ನುವುದರ ಅಳತೆಯೇ ನಾಯ್ಸ್ ಫಿಗರ್. ಒಳಗೆ ಹೋಗುವಾಗ ಸಿಗ್ನಲ್‌ಗೂ ನಾಯ್ಸ್‌ಗೂ ಇದ್ದ ಅನುಪಾತ, ಹೊರಗೆ ಬರುವಾಗ ಎಷ್ಟು ಇಳಿದಿದೆ? 3 ಡಿಬಿ ಇಳಿದಿದ್ದರೆ ನಾಯ್ಸ್ ಫಿಗರ್ 3 ಡಿಬಿ. ಇದನ್ನು ಅಳೆಯುವಾಗ ಒಳಗೆ ಹೋಗುವ ನಾಯ್ಸ್ 290 ಕೆಲ್ವಿನ್‌ನದ್ದೇ ಆಗಿರಬೇಕು ಅನ್ನುವುದು ಷರತ್ತು. ಈ ಷರತ್ತನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಹಲವು ಹಂತಗಳು ಸಾಲಾಗಿ ಬಂದರೆ ಒಟ್ಟು ನಾಯ್ಸ್ ಫಿಗರ್ ಎಷ್ಟು? ಇದರ ಸೂತ್ರವನ್ನು ಹೆರಾಲ್ಡ್ ಫ್ರೀಸ್ 1944ರಲ್ಲಿ ಪ್ರಕಟಿಸಿದರು. ಅವರು ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಬೆಲ್ ಲ್ಯಾಬ್ಸ್‌ನ ಹೋಮ್‌ಡೆಲ್ ಕೇಂದ್ರದಲ್ಲಿ ಕೆಲಸ ಮಾಡಿದವರು.

```
F = F1 + (F2 − 1)/G1 + (F3 − 1)/(G1 × G2) + ...
```

ಇದನ್ನು ಬಾಯಿಪಾಠ ಮಾಡುವುದು ಬೇಡ, ಒಳಗೆ ಏನಿದೆ ನೋಡೋಣ. F ಅಂದರೆ ನಾಯ್ಸ್ ಫಿಗರ್, G ಅಂದರೆ ಗೇನ್, ಎರಡೂ ಡಿಬಿಯಲ್ಲಿ ಅಲ್ಲ, ಸಾದಾ ಅನುಪಾತದಲ್ಲಿ. F ಅನ್ನುವುದರಲ್ಲಿ ಎರಡು ಭಾಗ ಇದೆ. ಒಂದು, ಹೊರಗಿನಿಂದ ಬಂದ ನಾಯ್ಸ್. ಅದರ ಲೆಕ್ಕ ಸರಿಯಾಗಿ 1. ಎರಡು, ಆ ಹಂತ ತಾನೇ ಸೇರಿಸಿದ್ದು. ಅದು F − 1. ಹೊರಗಿನ ನಾಯ್ಸನ್ನು ಮೊದಲ ಹಂತದಲ್ಲಿ ಒಂದು ಸಲ ಲೆಕ್ಕ ಹಾಕಿಯಾಯಿತು. ಆಮೇಲಿನ ಹಂತಗಳಿಗೆ ಅವು ಸ್ವಂತ ಸೇರಿಸಿದ್ದು ಮಾತ್ರ ಬೇಕು. ಅದಕ್ಕೇ ಎರಡನೆಯದರಿಂದ ಮುಂದಕ್ಕೆ 1 ಕಳೆಯುತ್ತಾ ಹೋಗುತ್ತೇವೆ.

ಮತ್ತೆ ಭಾಗಾಕಾರ ಯಾಕೆ? ಎರಡನೇ ಹಂತ ನಾಯ್ಸ್ ಸೇರಿಸುವ ಹೊತ್ತಿಗೆ ಸಿಗ್ನಲ್ ಆಗಲೇ G1 ಪಟ್ಟು ದೊಡ್ಡದಾಗಿದೆ. ಅದೇ ನಾಯ್ಸ್ ಆಂಟೆನಾದ ಹತ್ತಿರವೇ ಸೇರಿದ್ದಿದ್ದರೆ ಎಷ್ಟಕ್ಕೆ ಸಮ ಅಂತ ನೋಡಬೇಕಾದರೆ G1ರಿಂದ ಭಾಗಿಸಬೇಕು.

ಒಂದು ಝೆರಾಕ್ಸ್ ಅಂಗಡಿ ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ಹತ್ತಿರ ತೀರಾ ಸಣ್ಣ ಅಕ್ಷರದ ಒಂದು ಹಾಳೆ ಇದೆ. ಎರಡು ಮೆಷಿನ್‌ನಲ್ಲಿ ಒಂದರ ನಂತರ ಒಂದು ಕಾಪಿ ತೆಗೆಯಬೇಕು. ಮೊದಲ ಮೆಷಿನ್ ಅಕ್ಷರಗಳನ್ನು ಹತ್ತು ಪಟ್ಟು ಹಿಗ್ಗಿಸಿ ಕೊಟ್ಟರೆ, ಎರಡನೇ ಮೆಷಿನ್‌ನ ಗಾಜಿನ ಮೇಲಿನ ಧೂಳಿನ ಚುಕ್ಕೆ ಆ ದೊಡ್ಡ ಅಕ್ಷರಗಳ ನಡುವೆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಧೂಳು ಮೊದಲ ಮೆಷಿನ್‌ನ ಗಾಜಿನ ಮೇಲಿದ್ದರೆ? ಅಕ್ಷರದ ಜೊತೆ ಅದೂ ಹತ್ತು ಪಟ್ಟು ಹಿಗ್ಗುತ್ತದೆ. ಮುಂದೆ ಎಷ್ಟು ಒಳ್ಳೆಯ ಮೆಷಿನ್ ಬಂದರೂ ಆ ಕಲೆ ಹೋಗುವುದಿಲ್ಲ. ಇನ್ನು ಮೊದಲ ಮೆಷಿನ್ ಹಿಗ್ಗಿಸುವ ಬದಲು ಕುಗ್ಗಿಸಿದರೆ, ಎರಡನೆಯದರ ಧೂಳು ಅಕ್ಷರವನ್ನೇ ನುಂಗಿಬಿಡುತ್ತದೆ. ಉದ್ದದ ಕೇಬಲ್ ಮಾಡುವುದು ಇದನ್ನೇ.

ಈ ಕೇಬಲ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಲ್ಲಿ ತುಂಬಾ ಜನ ಎಡವುತ್ತಾರೆ. ಕೇಬಲ್‌ನಲ್ಲಿ ಟ್ರಾನ್ಸಿಸ್ಟರ್ ಇಲ್ಲ, ಅದು ಹೇಗೆ ನಾಯ್ಸ್ ಸೇರಿಸುತ್ತದೆ ಅಂತ ಕೇಳುತ್ತಾರೆ. 15 ಮೀಟರ್ ಆರ್‌ಜಿ-58 ಈ ಫ್ರೀಕ್ವೆನ್ಸಿಯಲ್ಲಿ ಹತ್ತಿರಹತ್ತಿರ 6 ಡಿಬಿ ತಿನ್ನುತ್ತದೆ. ಅಂದರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯಿತು. ನಾಯ್ಸ್ ಕೂಡ ಕಾಲು ಭಾಗ ಆಯಿತಾ? ಇಲ್ಲ. ಆಂಟೆನಾದಿಂದ ಬಂದ ನಾಯ್ಸ್ ಕಾಲು ಭಾಗ ಆಯಿತು ನಿಜ. ಆದರೆ ನಷ್ಟ ಮಾಡುವ ವಸ್ತು ಬೆಚ್ಚಗಿದ್ದರೆ ಅದು ನಾಯ್ಸ್ ಹುಟ್ಟಿಸಲೇಬೇಕು, ರೆಸಿಸ್ಟರ್ ಮಾಡಿದ ಹಾಗೇ. ಉಳಿದ ಮುಕ್ಕಾಲು ಭಾಗವನ್ನು ಕೇಬಲ್ ತಾನೇ ತುಂಬಿಕೊಡುತ್ತದೆ. ಕೆಳಗಿನ ತುದಿಯಲ್ಲಿ ನಾಯ್ಸ್ ಮತ್ತೆ ಅದೇ −132. ಸಿಗ್ನಲ್ ಮಾತ್ರ 6 ಡಿಬಿ ಕಡಿಮೆ. ಹೀಗಾಗಿ ಕೋಣೆಯ ತಾಪಮಾನದಲ್ಲಿರುವ ಕೇಬಲ್‌ನ ನಾಯ್ಸ್ ಫಿಗರ್ ಅದರ ನಷ್ಟಕ್ಕೆ ಸಮ. 6 ಡಿಬಿ ನಷ್ಟ, 6 ಡಿಬಿ ನಾಯ್ಸ್ ಫಿಗರ್.

ಇನ್ನು ನಮ್ಮ ಮನೆಯ ಲೆಕ್ಕ. ಡಾಂಗಲ್‌ನ ನಾಯ್ಸ್ ಫಿಗರ್ 6 ಡಿಬಿ ಅಂತ ಇಟ್ಟುಕೊಳ್ಳೋಣ. ಎಲ್‌ಎನ್‌ಎಯದು 0.8 ಡಿಬಿ, ಗೇನ್ 20 ಡಿಬಿ. ಸೂತ್ರಕ್ಕೆ ಹಾಕುವ ಮೊದಲು ಡಿಬಿಯನ್ನು ಸಾದಾ ಅನುಪಾತಕ್ಕೆ ತರಬೇಕು. ಇದನ್ನು ಮರೆತು ಡಿಬಿಯಿಂದಲೇ 1 ಕಳೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಕೇಬಲ್‌ನ F ಅಂದರೆ 4, ಗೇನ್ ಕಾಲು. ಡಾಂಗಲ್‌ನ F ಕೂಡ 4. ಎಲ್‌ಎನ್‌ಎಯ F 1.2, ಗೇನ್ 100.

ಎಲ್‌ಎನ್‌ಎ ಇಲ್ಲದೆ, ಕೇಬಲ್ ಆಮೇಲೆ ಡಾಂಗಲ್:

```
F = 4 + (4 − 1)/0.25 = 16        → 12 dB
```

ಕೇಬಲ್‌ನ 6, ಡಾಂಗಲ್‌ನ 6, ಒಟ್ಟು 12. ನಮ್ಮ 14 ಡಿಬಿಯಲ್ಲಿ ಉಳಿದದ್ದು 2. ಉಪಗ್ರಹ ಕೇಳಿಸದಿದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಎಲ್‌ಎನ್‌ಎ ಕೆಳಗೆ, ಮೇಜಿನ ಮೇಲೆ:

```
F = 4 + (1.2 − 1)/0.25 + (4 − 1)/(0.25 × 100) = 4.92   → 6.9 dB
```

ಐದು ಡಿಬಿ ಸುಧಾರಿಸಿತು. ಈಗ ಸಿಗ್ನಲ್ ನಾಯ್ಸ್‌ಗಿಂತ 7 ಡಿಬಿ ಮೇಲಿದೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ.

ಎಲ್‌ಎನ್‌ಎ ಮೇಲೆ, ಆಂಟೆನಾದ ಬುಡದಲ್ಲಿ:

```
F = 1.2 + (4 − 1)/100 + (4 − 1)/(100 × 0.25) = 1.35    → 1.3 dB
```

ಈಗ 12.7 ಡಿಬಿ. ಎಫ್‌ಎಂನ ಗಡಿ ದಾಟಿದೆವು. ಮಾತು ಸ್ಪಷ್ಟ.

ಆ ಕೊನೆಯ ಸಾಲನ್ನು ಹತ್ತಿರದಿಂದ ನೋಡಿ. ಕೇಬಲ್ ಹಾಗೇ ಇದೆ, ಅದೇ 6 ಡಿಬಿ ನಷ್ಟ ಮಾಡುತ್ತಿದೆ. ಆದರೆ ಅದು ಸೇರಿಸಿದ್ದು ಬರೀ 0.03. ಡಾಂಗಲ್ ಅಷ್ಟೊಂದು ನಾಯ್ಸ್ ಮಾಡುತ್ತದೆ, ಅದರ ಪಾಲು 0.12. ಎಲ್‌ಎನ್‌ಎ ಒಂದೇ 0.2 ಸೇರಿಸಿದೆ. ಇಡೀ ಸಾಲಿನಲ್ಲಿ ಅತ್ಯಂತ ಒಳ್ಳೆಯ ಭಾಗವೇ ಅತಿ ಹೆಚ್ಚು ನಾಯ್ಸ್ ಕೊಡುತ್ತಿದೆ, ಯಾಕೆಂದರೆ ಉಳಿದವರನ್ನೆಲ್ಲ ಅದರ ಗೇನ್ ಸುಮ್ಮನಾಗಿಸಿದೆ. ಮೊದಲ ಹಂತವೇ ಎಲ್ಲವನ್ನೂ ನಿರ್ಧರಿಸುತ್ತದೆ ಅನ್ನುವ ಮಾತಿನ ಅರ್ಥ ಇದು.

ಇಲ್ಲಿ ಒಂದು ಪ್ರಶ್ನೆ ಬಂತು. ಮೇಲೆ ಹತ್ತುವುದು ಕಷ್ಟ, ಕೆಳಗೇ ಎರಡು ಎಲ್‌ಎನ್‌ಎ ಸಾಲಾಗಿ ಹಾಕಿದರೆ ಆಗಲ್ವಾ ಅಂತ. ಲೆಕ್ಕ ಹಾಕಿ ನೋಡಿ. 6.9 ಇದ್ದದ್ದು 6.8 ಆಗುತ್ತದೆ, ಅಷ್ಟೇ. ಕೇಬಲ್‌ನಲ್ಲಿ ಕಳೆದುಹೋದ ಅನುಪಾತವನ್ನು ಕೆಳಗೆ ನಿಂತು ಎಷ್ಟು ಗೇನ್ ಸುರಿದರೂ ವಾಪಸ್ ತರಲಾಗುವುದಿಲ್ಲ. ಮೇಲೆ ಹತ್ತುವುದಕ್ಕೆ ನಿಜವಾಗಿಯೂ ಆಗದಿದ್ದರೆ ಬೇರೆ ದಾರಿ ಇದೆ. ಕೇಬಲ್ ಬದಲಾಯಿಸಿ. ಎಲ್‌ಎಂಆರ್-400 ತರಹದ ದಪ್ಪ ಕೇಬಲ್ ಇದೇ 15 ಮೀಟರ್‌ಗೆ ಸುಮಾರು 1.3 ಡಿಬಿ ಮಾತ್ರ ತಿನ್ನುತ್ತದೆ. ಅದರ ಕೆಳಗೆ ಎಲ್‌ಎನ್‌ಎ ಇಟ್ಟರೆ ಒಟ್ಟು 2.2 ಡಿಬಿ. ಮೇಲಿಟ್ಟಾಗಿನ ನಾಯ್ಸ್ ಫಿಗರ್‌ಗಿಂತ ಸುಮಾರು ಒಂದು ಡಿಬಿಯಷ್ಟೇ ಹೆಚ್ಚು. ಡಬ್ಬಿಯೊಳಗೆ ಮಳೆ ನೀರು ಇಳಿಯುವ ಭಯ ಇಲ್ಲ, ಕೇಬಲ್ ಮೂಲಕ ಮೇಲಕ್ಕೆ ವಿದ್ಯುತ್ ಕಳಿಸುವ ತಾಪತ್ರಯ ಇಲ್ಲ. ದುಡ್ಡು ಜಾಸ್ತಿ ಹೋಗುತ್ತದೆ, ಆದರೆ ನನ್ನ ಮಟ್ಟಿಗೆ ಇದು ಒಳ್ಳೆಯ ರಾಜಿ.

ಈಗ ಒಂದು ಎಚ್ಚರಿಕೆ. ಮೊದಲ ಹಂತ ಯಾವಾಗಲೂ ಎಲ್ಲವನ್ನೂ ನಿರ್ಧರಿಸುತ್ತದೆ ಅಂತ ಪಾಠದಲ್ಲಿ ಹೇಳಿಬಿಡುತ್ತಾರೆ. ಹಾಗೇನೂ ನಿಯಮ ಇಲ್ಲ. ಅದಕ್ಕೆ ಸಾಕಷ್ಟು ಗೇನ್ ಇದ್ದರೆ ಮಾತ್ರ. ಮೇಲಿಟ್ಟ ಎಲ್‌ಎನ್‌ಎಯ ಗೇನ್ 20ರ ಬದಲು 10 ಡಿಬಿ ಅಂತ ಇಟ್ಟುಕೊಳ್ಳಿ. ನಾಯ್ಸ್ ಫಿಗರ್ ಅದೇ 0.8. ಆಗ ಕೇಬಲ್ 0.3 ಸೇರಿಸುತ್ತದೆ, ಡಾಂಗಲ್ 1.2 ಸೇರಿಸುತ್ತದೆ. ಒಟ್ಟು 2.7, ಅಂದರೆ 4.3 ಡಿಬಿ. ಈಗ ಡಾಂಗಲ್‌ನದೇ ಮೇಲುಗೈ. ಎಲ್‌ಎನ್‌ಎ ಕೊಳ್ಳುವಾಗ 0.8 ಅನ್ನುವ ಅಂಕಿ ಮಾತ್ರ ನೋಡಿ ಹಣ ಕೊಟ್ಟರೆ ಹೀಗಾಗುತ್ತದೆ. ಅದರ ಹಿಂದೆ ಏನಿದೆ ಅನ್ನುವುದನ್ನೂ ನೋಡಬೇಕು. ನಮ್ಮಲ್ಲಿ ಹಿಂದಿರುವ ಕೇಬಲ್ ಮತ್ತು ಡಾಂಗಲ್ ಸೇರಿ 12 ಡಿಬಿ. ಎಲ್‌ಎನ್‌ಎಯ ಗೇನ್ ಅದಕ್ಕಿಂತ ಎಂಟು ಹತ್ತು ಡಿಬಿಯಾದರೂ ಜಾಸ್ತಿ ಇದ್ದರೆ ಸಾಕು.

ಹಾಗಾದರೆ 30 ಡಿಬಿ ಗೇನ್ ಇನ್ನೂ ಒಳ್ಳೆಯದಲ್ವಾ? ನಾಯ್ಸ್ ಫಿಗರ್ 1.3ರಿಂದ 0.85ಕ್ಕೆ ಇಳಿಯುತ್ತದೆ. ಲಾಭ ಅರ್ಧ ಡಿಬಿಯೂ ಇಲ್ಲ. ಆದರೆ ಡಾಂಗಲ್‌ಗೆ ಹೋಗುವ ಪ್ರತಿಯೊಂದೂ ಹತ್ತು ಪಟ್ಟು ದೊಡ್ಡದಾಯಿತು. ನಮ್ಮ ಉಪಗ್ರಹ ಮಾತ್ರ ಅಲ್ಲ, ಊರಿನ ಎಫ್‌ಎಂ ರೇಡಿಯೊ ಸ್ಟೇಷನ್, ಪಕ್ಕದ ಬೀದಿಯ ಮೊಬೈಲ್ ಟವರ್, ಎಲ್ಲವೂ. ಡಾಂಗಲ್ ತಡೆದುಕೊಳ್ಳುವುದಿಲ್ಲ. ದೊಡ್ಡ ಸಿಗ್ನಲ್‌ಗಳು ಒಳಗೆ ಒಂದಕ್ಕೊಂದು ಬೆರೆತು, ಗಾಳಿಯಲ್ಲಿ ಇಲ್ಲವೇ ಇಲ್ಲದ ಸುಳ್ಳು ಸಿಗ್ನಲ್‌ಗಳನ್ನು ಹುಟ್ಟಿಸುತ್ತವೆ. ಇದನ್ನು ಪತ್ತೆ ಮಾಡುವ ಉಪಾಯ ಸುಲಭ. ಬೆರಕೆ ಆಗುತ್ತಿರುವ ಹಂತದ ಮುಂದೆ, ಅಂದರೆ ಅದರ ಆಂಟೆನಾ ಕಡೆಗೆ, ಸಿಗ್ನಲನ್ನು ಬೇಕೆಂದೇ ಇಳಿಸುವ 3 ಡಿಬಿ ಅಟೆನ್ಯುಯೇಟರ್ ಹಾಕಿ. ನಿಜವಾದ ಸಿಗ್ನಲ್ 3 ಡಿಬಿ ಇಳಿಯುತ್ತದೆ. ಮೂರನೇ ದರ್ಜೆಯ ಬೆರಕೆಯಿಂದ ಹುಟ್ಟಿದ ಸುಳ್ಳು ಸಿಗ್ನಲ್ 9 ಡಿಬಿ ಇಳಿಯುತ್ತದೆ. ಯಾವುದು ಅಸಲಿ, ಯಾವುದು ನಕಲಿ ಅಂತ ಅಲ್ಲೇ ಗೊತ್ತಾಗುತ್ತದೆ.

ಇದಕ್ಕೆ ಮದ್ದು ಫಿಲ್ಟರ್. ಅದನ್ನು ಎಲ್ಲಿ ಹಾಕಬೇಕು ಅನ್ನುವುದಕ್ಕೂ ಅದೇ ಸೂತ್ರ ದಾರಿ ತೋರಿಸುತ್ತದೆ. 2 ಡಿಬಿ ನಷ್ಟದ ಫಿಲ್ಟರ್‌ನ್ನು ಎಲ್‌ಎನ್‌ಎಯ ಹಿಂದೆ, ಡಾಂಗಲ್ ಕಡೆಗೆ, ಹಾಕಿದರೆ ನಾಯ್ಸ್ ಲೆಕ್ಕದಲ್ಲಿ ಅದು ಕಂಡೂ ಕಾಣದಷ್ಟು. ಎಲ್‌ಎನ್‌ಎಯ ಮುಂದೆ ಹಾಕಿದರೆ ಪೂರ್ತಿ 2 ಡಿಬಿ ನೇರವಾಗಿ ನಾಯ್ಸ್ ಫಿಗರ್‌ಗೆ ಸೇರುತ್ತದೆ, 1.3 ಇದ್ದದ್ದು 3.3 ಆಗುತ್ತದೆ. ಹಾಗಾಗಿ ಆದಷ್ಟು ಹಿಂದೆ ಹಾಕಿ. ಆದರೆ ಟವರ್ ಅಷ್ಟು ಹತ್ತಿರ ಇದ್ದು ಎಲ್‌ಎನ್‌ಎಯೇ ಕುಸಿಯುತ್ತಿದ್ದರೆ, ಹಿಂದಿನ ಫಿಲ್ಟರ್ ಏನೂ ಮಾಡಲಾರದು. ಆಗ ಮುಂದೆ ಒಂದು ಕಡಿಮೆ ನಷ್ಟದ ಫಿಲ್ಟರ್ ಹಾಕಲೇಬೇಕು, ಅರ್ಧ ಡಿಬಿಯಂಥದ್ದು. ಅದು ಗಾತ್ರದಲ್ಲಿ ದೊಡ್ಡದು, ಬೆಲೆಯಲ್ಲೂ ದೊಡ್ಡದು. ಮೊದಲ ಟ್ರಾನ್ಸಿಸ್ಟರ್‌ಗೆ ಮುಂಚೆ ಬರುವ ಪ್ರತಿಯೊಂದು ವಸ್ತುವಿಗೂ ಈ ಮಾತು ಅನ್ವಯಿಸುತ್ತದೆ. ಕನೆಕ್ಟರ್, ಅಡಾಪ್ಟರ್, ರಿಲೇ, ತುಕ್ಕು ಹಿಡಿದ ಜಾಯಿಂಟ್. ಅಲ್ಲಿ ಹೋದ ಪ್ರತಿ ಡಿಬಿಯೂ ಪೂರ್ತಿ ಡಿಬಿಯೇ.

ಈಗ ಆ ಮೂಲೆಯಲ್ಲಿಟ್ಟ ಷರತ್ತಿಗೆ ಬರೋಣ. ನಾಯ್ಸ್ ಫಿಗರ್‌ನ ಲೆಕ್ಕವೆಲ್ಲ ಒಳಗೆ ಬರುವ ನಾಯ್ಸ್ 290 ಕೆಲ್ವಿನ್ ಅಂತ ನಂಬಿ ಮಾಡಿದ್ದು. ಆಂಟೆನಾ ಆಕಾಶ ನೋಡುತ್ತಿದ್ದರೆ ಅದು ನಿಜವಲ್ಲ. ಆಂಟೆನಾದಿಂದ ಬರುವ ನಾಯ್ಸ್ ಆಂಟೆನಾದ ಲೋಹ ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ನಿಂತಿಲ್ಲ. ಅದು ಏನನ್ನು ನೋಡುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಊರಾಚೆ, ಗದ್ದಲ ಇಲ್ಲದ ಜಾಗದಲ್ಲಿ, 435 ಮೆಗಾಹರ್ಟ್ಝ್‌ನಲ್ಲಿ ನಮ್ಮ ಸಾದಾ ಆಂಟೆನಾ ಅರ್ಧ ತಣ್ಣಗಿನ ಆಕಾಶ, ಅರ್ಧ ಬೆಚ್ಚಗಿನ ನೆಲ ನೋಡುತ್ತದೆ. ಒಟ್ಟಾರೆ 150 ಕೆಲ್ವಿನ್ ಅಂತ ಹಿಡಿಯೋಣ.

ನಾಯ್ಸ್ ಫಿಗರನ್ನೂ ಕೆಲ್ವಿನ್‌ಗೆ ಬದಲಾಯಿಸಬಹುದು. F − 1 ಅನ್ನು 290ರಿಂದ ಗುಣಿಸಿದರಾಯಿತು. ಎಲ್‌ಎನ್‌ಎ ಕೆಳಗಿದ್ದಾಗ 1137 ಕೆಲ್ವಿನ್, ಮೇಲಿದ್ದಾಗ 101 ಕೆಲ್ವಿನ್. ಎರಡಕ್ಕೂ ಆಂಟೆನಾದ 150 ಸೇರಿಸಿ. 1287 ಮತ್ತು 251. ಐದು ಪಟ್ಟಿಗಿಂತ ಜಾಸ್ತಿ, ಅಂದರೆ 7.1 ಡಿಬಿ ವ್ಯತ್ಯಾಸ. ನಾಯ್ಸ್ ಫಿಗರ್ ಕಳೆದು ನೋಡಿದಾಗ 5.6 ಅಂತ ಕಾಣಿಸಿತ್ತು. ನಿಜವಾದ ಲಾಭ ಅದಕ್ಕಿಂತ ಹೆಚ್ಚು. ಆಕಾಶ ತಣ್ಣಗಿದ್ದಷ್ಟೂ ಮೊದಲ ಹಂತದ ಒಂದೊಂದು ಕೆಲ್ವಿನ್‌ಗೂ ಬೆಲೆ ಏರುತ್ತದೆ. ಉಪಗ್ರಹ ಮತ್ತು ಖಗೋಳದ ಕೆಲಸ ಮಾಡುವವರು ಡಿಬಿ ಬಿಟ್ಟು ಕೆಲ್ವಿನ್‌ನಲ್ಲಿ ಮಾತಾಡುವುದು ಇದಕ್ಕೇ.

ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಇದು ಹೇಳಲೇಬೇಕಾದದ್ದು. ಫ್ರೀಸ್ ಕೆಲಸ ಮಾಡಿದ ಹೋಮ್‌ಡೆಲ್‌ನಲ್ಲೇ 1964ರಲ್ಲಿ ಪೆಂಝಿಯಾಸ್ ಮತ್ತು ವಿಲ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು ಒಂದು ದೊಡ್ಡ ಕಹಳೆಯಾಕಾರದ ಆಂಟೆನಾ ಹಿಡಿದು ಕೂತಿದ್ದರು. ಆ ಬಗೆಯ ಆಂಟೆನಾವನ್ನು ರೂಪಿಸಿದವರಲ್ಲಿ ಫ್ರೀಸ್ ಕೂಡ ಒಬ್ಬರು. ಮೊದಲ ಹಂತವಾಗಿ ದ್ರವ ಹೀಲಿಯಂನಲ್ಲಿ ತಂಪಾಗಿಸಿದ ಮೇಸರ್ ಅನ್ನುವ, ತೀರಾ ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್ ಇತ್ತು. 4080 ಮೆಗಾಹರ್ಟ್ಝ್‌ನಲ್ಲಿ ಅಳೆದಾಗ ಎಲ್ಲ ಲೆಕ್ಕ ಕಳೆದ ಮೇಲೂ 3.5 ಕೆಲ್ವಿನ್ ಹೆಚ್ಚುವರಿ ನಾಯ್ಸ್ ಉಳಿಯಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ಅದು ವಿಶ್ವದ ಹುಟ್ಟಿನಿಂದ ಉಳಿದು ಬಂದ ವಿಕಿರಣ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಆ 3.5 ಕೆಲ್ವಿನ್‌ನ್ನು ನಮ್ಮ ನಾಯ್ಸ್ ಫಿಗರ್ ಭಾಷೆಯಲ್ಲಿ ಹೇಳಿದರೆ 0.05 ಡಿಬಿ. ನಮ್ಮ ಡಾಂಗಲ್ ಮುಂದೆ ಅದು ಎಲ್ಲಿ ಕಾಣಬೇಕು? ಮೊದಲ ಹಂತ ಅಷ್ಟು ತಣ್ಣಗಿದ್ದದ್ದಕ್ಕೇ, ಕಹಳೆಯ ಮತ್ತು ಕೊಳವೆಗಳ ನಷ್ಟವನ್ನು ಒಂದೊಂದಾಗಿ ಲೆಕ್ಕ ಇಟ್ಟದ್ದಕ್ಕೇ ಅದು ಕಂಡಿತು.

ಸರಿ, ಮನೆಗೆ ವಾಪಸ್. ಎಲ್‌ಎನ್‌ಎ ಮೇಲೆ ಕೂರಿಸಿದಿರಿ. ಅದು ಕೆಲಸ ಮಾಡುತ್ತಿದೆಯಾ ಅಂತ ಹೇಗೆ ಗೊತ್ತಾಗುವುದು? ಪರದೆಯ ಮೇಲೆ ನಾಯ್ಸ್‌ನ ಗೆರೆ ಏರಿದರೆ ಕೆಲವರು ಖುಷಿಪಡುತ್ತಾರೆ, ಕೆಲವರು ಗಾಬರಿಯಾಗುತ್ತಾರೆ. ಬರೀ ಏರಿಕೆಯಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇದು. ಡಾಂಗಲ್‌ನ ತಾನಾಗಿ ಗೇನ್ ಬದಲಿಸುವ ಸೌಲಭ್ಯ ಮೊದಲು ಆಫ್ ಮಾಡಿ, ಗೇನ್ ಒಂದೇ ಕಡೆ ನಿಲ್ಲಿಸಿ. ಎಲ್‌ಎನ್‌ಎಯ ಬಾಯಿಗೆ ಆಂಟೆನಾ ಬದಲು 50 ಓಮ್‌ನ ಟರ್ಮಿನೇಟರ್ ತಿರುಗಿಸಿ ಹಾಕಿ. ಅದು ಬರೀ ಒಂದು ರೆಸಿಸ್ಟರ್, ಹತ್ತಿರಹತ್ತಿರ 290 ಕೆಲ್ವಿನ್‌ನಲ್ಲಿರುತ್ತದೆ. ಉಪಗ್ರಹ, ವಾಕಿಟಾಕಿ ಯಾವುದೂ ಇಲ್ಲದ ಖಾಲಿ ಫ್ರೀಕ್ವೆನ್ಸಿಯಲ್ಲಿ ನಾಯ್ಸ್ ಮಟ್ಟ ಬರೆದಿಟ್ಟುಕೊಳ್ಳಿ. ಈಗ ಟರ್ಮಿನೇಟರ್ ತೆಗೆದು ಆಂಟೆನಾ ಹಾಕಿ, ಮತ್ತೆ ನೋಡಿ.

ಎಲ್ಲ ಸರಿ ಇದ್ದರೆ ನಾಯ್ಸ್ ಇಳಿಯಬೇಕು. 290ಕ್ಕೆ 101 ಸೇರಿಸಿದರೆ 391, 150ಕ್ಕೆ 101 ಸೇರಿಸಿದರೆ 251. ಹತ್ತಿರಹತ್ತಿರ 2 ಡಿಬಿ ಇಳಿತ. ಪರದೆಯಲ್ಲಿ ಸರಾಸರಿ ಹಾಕಿ ನೋಡಿದರೆ ಕಣ್ಣಿಗೆ ಕಾಣುವಷ್ಟು. ಎಲ್‌ಎನ್‌ಎ ಇಲ್ಲದೆ, ಕೇಬಲ್‌ನ ಮೇಲಿನ ತುದಿಯಲ್ಲಿ ಇದೇ ಪರೀಕ್ಷೆ ಮಾಡಿದರೆ ಇಳಿತ 0.13 ಡಿಬಿ, ಏನೂ ಕಾಣುವುದಿಲ್ಲ. ಯಾಕೆಂದರೆ ಕೇಬಲ್ ಮತ್ತು ಡಾಂಗಲ್‌ನ 4350 ಕೆಲ್ವಿನ್ ಮುಂದೆ ಆಕಾಶವೂ ಒಂದೇ, ಟರ್ಮಿನೇಟರೂ ಒಂದೇ. ನಿಮ್ಮ ರಿಸೀವರ್‌ಗೆ ಆಕಾಶ ಕಾಣುತ್ತಿದೆಯಾ ಇಲ್ಲವಾ ಅನ್ನುವುದನ್ನು ಈ ಒಂದು ಪರೀಕ್ಷೆ ಹೇಳಿಬಿಡುತ್ತದೆ. ಪ್ರಯೋಗಾಲಯದಲ್ಲಿ ನಾಯ್ಸ್ ಫಿಗರ್ ಅಳೆಯುವ ವೈ-ಫ್ಯಾಕ್ಟರ್ ವಿಧಾನದ ಬೇರು ಇದೇ. ಅಲ್ಲಿ ಗೊತ್ತಿರುವ ಬಿಸಿ ಮತ್ತು ಗೊತ್ತಿರುವ ತಂಪು, ಎರಡನ್ನು ತೋರಿಸಿ ಅನುಪಾತ ನೋಡುತ್ತಾರೆ.

ಆಂಟೆನಾ ಹಾಕಿದಾಗ ನಾಯ್ಸ್ ಇಳಿಯುವ ಬದಲು ಏರಿದರೆ? ಊರಿನ ನಡುವೆ ಇರುವ ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್, ಸೋಲಾರ್ ಕಂಟ್ರೋಲರ್, ಎಲ್ಲವೂ ನಾಯ್ಸ್ ಉಗುಳುತ್ತವೆ. ಅವೆಲ್ಲ ಸೇರಿ ಆಂಟೆನಾಗೆ 3000 ಕೆಲ್ವಿನ್‌ನಂತೆ ಕಾಣುತ್ತಿವೆ ಅಂತ ಇಟ್ಟುಕೊಳ್ಳಿ. ಎಲ್‌ಎನ್‌ಎ ಇಲ್ಲದಾಗ ಒಟ್ಟು 7350, ಮೇಲೆ ಹಾಕಿದಾಗ 3101. ಲಾಭ ಬರೀ 3.7 ಡಿಬಿ. ಊರಾಚೆ ಇದೇ ಬದಲಾವಣೆಗೆ 12.5 ಡಿಬಿ ಸಿಗುತ್ತಿತ್ತು. 0.8 ಡಿಬಿಯ ಎಲ್‌ಎನ್‌ಎ ತೆಗೆದು 0.4 ಡಿಬಿಯದು ಹಾಕಿದರೆ ಇಲ್ಲಿ ಏನೂ ಆಗುವುದಿಲ್ಲ. ಆ ದುಡ್ಡಿನಲ್ಲಿ ಆಂಟೆನಾವನ್ನು ಟೆರೇಸ್‌ನ ಇನ್ನೊಂದು ಮೂಲೆಗೆ, ಇನ್ವರ್ಟರ್‌ನಿಂದ ದೂರಕ್ಕೆ ಸರಿಸಿ. ಇಲ್ಲವೇ ಆಕಾಶದ ಕಡೆಗೆ ಮಾತ್ರ ಕಿವಿ ಕೊಡುವ ಯಾಗಿ ಆಂಟೆನಾ ಹಾಕಿ. ಸಿಗ್ನಲ್ ಹೆಚ್ಚುತ್ತದೆ, ನೆಲದ ಗದ್ದಲವೂ ಕಡಿಮೆಯಾಗುತ್ತದೆ.

ಫ್ರೀಕ್ವೆನ್ಸಿ ಕೆಳಗಿಳಿದಂತೆ ಈ ಕಥೆ ಇನ್ನೂ ಬದಲಾಗುತ್ತದೆ. ನಮ್ಮ ಗೌರಿಬಿದನೂರಿನ ರೇಡಿಯೊ ಖಗೋಳ ಕೇಂದ್ರವನ್ನೇ ತಗೊಳ್ಳಿ. ಅಲ್ಲಿ ಟಿ ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ಹರಡಿ 34.5 ಮೆಗಾಹರ್ಟ್ಝ್‌ನಲ್ಲಿ ಆಕಾಶದ ನಕ್ಷೆ ಮಾಡಿದರು. ಆ ಫ್ರೀಕ್ವೆನ್ಸಿಯಲ್ಲಿ ಆಕಾಶಗಂಗೆಯೇ ಉರಿಯುತ್ತಿರುತ್ತದೆ. ಆಕಾಶದ ತಾಪಮಾನ ಹತ್ತು ಸಾವಿರ ಕೆಲ್ವಿನ್‌ನ ಆಸುಪಾಸು. ಅಲ್ಲಿ ನಮ್ಮ 6 ಡಿಬಿಯ ಡಾಂಗಲ್‌ನಷ್ಟೇ ನಾಯ್ಸ್ ಇರುವ ರಿಸೀವರ್ ನೇರವಾಗಿ ಇಟ್ಟರೂ ಅದು ಸೇರಿಸುವುದು 870 ಕೆಲ್ವಿನ್. ಹತ್ತು ಸಾವಿರದ ಮುಂದೆ ಅರ್ಧ ಡಿಬಿಯೂ ಅಲ್ಲ. ಅಲ್ಲಿನ ಮೊದಲ ಹಂತಕ್ಕೆ ಬೇಕಾದ ಮುಖ್ಯ ಗುಣ ಬೇರೆ. ದೊಡ್ಡ ಸಿಗ್ನಲ್ ಬಂದಾಗ ಬೆರಕೆ ಮಾಡದೆ ತಡೆದುಕೊಳ್ಳಬೇಕು.

ಶಾರ್ಟ್‌ವೇವ್ ರೇಡಿಯೊಗಳ ಮುಂದುಗಡೆ ಅಟೆನ್ಯುಯೇಟರ್ ಗುಂಡಿ ಇರುವುದೂ ಇದೇ ಕಾರಣಕ್ಕೆ. ಬೇಕೆಂದೇ 10 ಡಿಬಿ, 20 ಡಿಬಿ ನಷ್ಟ ಮಾಡುವ ಗುಂಡಿ. 7 ಮೆಗಾಹರ್ಟ್ಝ್‌ನಲ್ಲಿ ರಾತ್ರಿ ಹೊತ್ತು ಅದನ್ನು ಒತ್ತಿ ನೋಡಿ. ಸಿಗ್ನಲೂ ನಾಯ್ಸೂ ಒಟ್ಟಿಗೇ ಇಳಿಯುತ್ತವೆ, ಮಾತು ಅಷ್ಟೇ ಸ್ಪಷ್ಟವಾಗಿರುತ್ತದೆ, ಎಷ್ಟೋ ಸಲ ಇನ್ನೂ ಸ್ಪಷ್ಟವಾಗುತ್ತದೆ. ಆ ಬ್ಯಾಂಡ್‌ಗೆ ಎಲ್‌ಎನ್‌ಎ ಕೊಳ್ಳುವ ಮೊದಲು ಆಂಟೆನಾ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿ. ಸಿಕ್ಕಿಸಿದಾಗ ನಾಯ್ಸ್ 10 ಡಿಬಿಗಿಂತ ಜಾಸ್ತಿ ಏರಿದರೆ, ಆ ರಿಸೀವರ್‌ಗೆ ಇನ್ನೊಂದು ಆಂಪ್ಲಿಫೈಯರ್ ಬೇಡ. ಅದು ಆಗಲೇ ಹೊರಗಿನ ನಾಯ್ಸ್ ಕೇಳಿಸಿಕೊಳ್ಳುತ್ತಿದೆ.